ಪತ್ರದಲ್ಲಿ ‘ಅಪ್ರೆಂಟಿಸ್’, ಪೋರ್ಟಲ್‌ನಲ್ಲಿ ಯಾರೂ ಅಲ್ಲ: ವಸಂತನರಸಾಪುರದ ಒಂದು ಪ್ರಕರಣ

ಆ ನೇಮಕ ಪತ್ರ ಒಂದೇ ಪುಟದ್ದು. ‘ನಿಮ್ಮನ್ನು ಒಂದು ವರ್ಷದ ಅವಧಿಗೆ ಅಪ್ರೆಂಟಿಸ್ ಟ್ರೈನಿ ಆಗಿ ತೆಗೆದುಕೊಳ್ಳಲಾಗಿದೆ. ತಿಂಗಳಿಗೆ 9,750 ರೂಪಾಯಿ ಸ್ಟೈಪೆಂಡ್. ನೀವು ಕಂಪನಿಯ ನೌಕರರಲ್ಲ. ಪಿಎಫ್, ಇಎಸ್‌ಐ ಅನ್ವಯಿಸುವುದಿಲ್ಲ.’ ಕೆಳಗೆ ಸಹಿ, ಸೀಲು. ಕರಾರಿನ ನಂಬರ್ ಎಲ್ಲೂ ಇಲ್ಲ. ಯಾವ ಟ್ರೇಡ್‌ನಲ್ಲಿ ತರಬೇತಿ ಅಂತಲೂ ಬರೆದಿಲ್ಲ.

ಇಂಥ ಪತ್ರ ತುಮಕೂರು ಸುತ್ತಮುತ್ತ ಹೊಸದೇನಲ್ಲ. ನಾನು ಐಟಿಐನಲ್ಲಿ ಕಿರಿಯ ತರಬೇತಿ ಅಧಿಕಾರಿ. ನಮ್ಮ ಹುಡುಗರು ಪಾಸಾದ ಮೇಲೆ ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಕಾರ್ಖಾನೆಗಳಿಗೆ ಹೋಗುತ್ತಾರೆ. ಏನಾದರೂ ಎಡವಟ್ಟಾದರೆ ಮೊದಲು ಬರುವುದು ಕಲಿಸಿದ ಮೇಷ್ಟ್ರ ಹತ್ತಿರವೇ. ಈ ಹುಡುಗನೂ ಹಾಗೇ ಬಂದ. ಅವನ ಹೆಸರು, ಕಂಪನಿಯ ಹೆಸರು ಇಲ್ಲಿ ಬೇಡ. ಕೊರಟಗೆರೆ ಕಡೆಯವನು, ಫಿಟ್ಟರ್ ಟ್ರೇಡ್, ಆಗ 20 ವರ್ಷ.

ಅವನು ಸೇರಿದ್ದು 2023ರ ಜುಲೈನಲ್ಲಿ, ವಾಹನದ ಬಿಡಿಭಾಗಗಳನ್ನು ಒತ್ತಿ ತೆಗೆಯುವ ಒಂದು ಪ್ರೆಸ್ ಶಾಪ್‌ಗೆ. ಆಗ ಐಟಿಐ ಪಾಸಾದವರಿಗೆ ಅಪ್ರೆಂಟಿಸ್ ಕಾಯ್ದೆ ಹೇಳುವ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ. 2019ರ ನಿಯಮದ ಪ್ರಕಾರ ಹತ್ತನೇ ತರಗತಿಯವರಿಗೆ 6,000, ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 9,000. ಹಾಗಾಗಿ 9,750 ಅಂದಾಗ ಮನೆಯವರಿಗೆಲ್ಲ ಖುಷಿ. ‘ಗವರ್ನಮೆಂಟ್ ರೇಟಿಗಿಂತ ಜಾಸ್ತಿನೇ ಕೊಡ್ತಾರೆ ಸಾರ್’ ಅಂತ ಅವನೇ ಫೋನ್ ಮಾಡಿ ಹೇಳಿದ್ದ.

ಜಾಸ್ತಿ ಕಾಣುತ್ತಿದ್ದ ಆ ಹಣದ ಹಿಂದೆ ದಿನಕ್ಕೆ ಹನ್ನೆರಡು ಗಂಟೆಯ ಶಿಫ್ಟ್ ಇತ್ತು. ಎರಡನೇ ವಾರದಿಂದಲೇ ಪವರ್ ಪ್ರೆಸ್ ಮೇಲೆ ನಿಲ್ಲಿಸಿದರು. ಗಂಟೆಗೆ ಇಷ್ಟು ಪೀಸ್ ಅಂತ ಬೋರ್ಡಿನಲ್ಲಿ ಬರೆಯುತ್ತಿದ್ದರು. ಪಕ್ಕದ ಪ್ರೆಸ್‌ನಲ್ಲಿ ಅದೇ ಕೆಲಸ ಮಾಡುವ ಗುತ್ತಿಗೆ ಕಾರ್ಮಿಕನಿಗೆ ಕನಿಷ್ಠ ವೇತನ, ಇಎಸ್‌ಐ, ಪಿಎಫ್ ಎಲ್ಲವೂ ಇತ್ತು. ಇವನಿಗೆ ಯಾವುದೂ ಇಲ್ಲ, ಯಾಕೆಂದರೆ ಇವನು ‘ಕಲಿಯುವವನು’. ಎಂಟು ತಿಂಗಳಲ್ಲಿ ಯಾರೂ ಅವನಿಗೆ ಸಿಲಬಸ್ ತೋರಿಸಿಲ್ಲ, ಲಾಗ್‌ಬುಕ್ ಬರೆಸಿಲ್ಲ.

2024ರ ಮಾರ್ಚ್‌ನಲ್ಲಿ ರಾತ್ರಿ ಶಿಫ್ಟ್‌ನಲ್ಲಿ ಅಪಘಾತ ಆಯಿತು. ಆ ಪ್ರೆಸ್‌ಗೆ ಎರಡೂ ಕೈಯಲ್ಲಿ ಎರಡು ಬಟನ್ ಒತ್ತಿದರೆ ಮಾತ್ರ ಇಳಿಯುವ ವ್ಯವಸ್ಥೆ ಇತ್ತು. ಕೈ ಡೈ ಒಳಗೆ ಹೋಗದಿರಲಿ ಅಂತಲೇ ಅದನ್ನು ಇಟ್ಟಿರುವುದು. ಪ್ರೊಡಕ್ಷನ್ ಬೇಗ ಆಗಲಿ ಅಂತ ಒಂದು ಬಟನ್ನಿಗೆ ಟೇಪ್ ಸುತ್ತಿ ಒತ್ತಿಯೇ ಇಟ್ಟಿದ್ದರು. ಶೀಟ್ ಸರಿಮಾಡಲು ಬಲಗೈ ಹಾಕಿದಾಗ ಪ್ರೆಸ್ ಇಳಿಯಿತು. ತೋರುಬೆರಳಿನ ತುದಿಯ ಗೆಣ್ಣು ಹೋಯಿತು. ಕಂಪನಿಯವರೇ ತುಮಕೂರಿನ ಒಂದು ಖಾಸಗಿ ನರ್ಸಿಂಗ್ ಹೋಮ್‌ಗೆ ಸೇರಿಸಿ ಬಿಲ್ ಕಟ್ಟಿದರು. 38 ದಿನ ಮನೆಯಲ್ಲಿದ್ದ. ಆ ಅವಧಿಗೆ ಸ್ಟೈಪೆಂಡ್ ಬರಲಿಲ್ಲ. ಆಮೇಲೆ ಕರೆಸಿ 20,000 ರೂಪಾಯಿ ಮತ್ತು ಕಂಪನಿ ಲೆಟರ್‌ಹೆಡ್‌ನಲ್ಲಿ ಒಂದು ‘ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್’ ಕೊಡುತ್ತೇವೆ, ಇನ್ನೇನೂ ಬಾಕಿ ಇಲ್ಲ ಅಂತ ಸಹಿ ಹಾಕು ಅಂದರು.

ಅವನ ತಾಯಿ ನನ್ನ ಮುಂದೆ ಕೂತು ಕೇಳಿದ್ದು ಇಷ್ಟೇ: ‘ಸಾರ್, ಸರ್ಟಿಫಿಕೇಟ್ ಸಿಕ್ರೆ ರೈಲ್ವೆಗೆ ಹಾಕ್ಬೋದಂತೆ. ಸಹಿ ಮಾಡ್ಲಾ ಬೇಡ್ವಾ?’

ಮೊದಲು ನೋಡಿದ್ದು ಪೋರ್ಟಲ್

ಸಹಿ ಮಾಡಬೇಡಿ ಅಂದೆ. ಆ ಸರ್ಟಿಫಿಕೇಟ್ ರೈಲ್ವೆಗೆ ಆಗುವುದೇ ಇಲ್ಲ. ರೈಲ್ವೆಯ ಗ್ರೂಪ್ ಡಿ ಹುದ್ದೆಗಳ ಪ್ರಕಟಣೆಯಲ್ಲಿ ಅಪ್ರೆಂಟಿಸ್ ತರಬೇತಿಗೆ ಒಪ್ಪುವುದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟನ್ನು ಮಾತ್ರ. ನಮ್ಮ ಹುಡುಗರು ಅದನ್ನು ಎನ್‌ಎಸಿ ಅನ್ನುತ್ತಾರೆ. ಅದನ್ನು ಕಂಪನಿ ಕೊಡಲು ಬರುವುದಿಲ್ಲ. ತರಬೇತಿ ಮುಗಿದ ಮೇಲೆ ಅಖಿಲ ಭಾರತ ಟ್ರೇಡ್ ಟೆಸ್ಟ್ ಬರೆದು ಪಾಸಾಗಬೇಕು. ಟೆಸ್ಟಿಗೆ ಕೂರಬೇಕಾದರೆ ಕರಾರು ನೋಂದಣಿ ಆಗಿರಬೇಕು. ಅಲ್ಲಿ ಕೊಂಡಿ ತಪ್ಪಿದರೆ ಲೆಟರ್‌ಹೆಡ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಹಾಗಾಗಿ ಅವನ ಮೊಬೈಲ್‌ನಲ್ಲೇ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್ apprenticeshipindia.gov.in ತೆರೆದು ಲಾಗಿನ್ ಆದೆವು. ಐಟಿಐನಲ್ಲಿದ್ದಾಗಲೇ ಅವನ ಪ್ರೊಫೈಲ್ ಮಾಡಿಸಿದ್ದೆವು, ಅದು ಇತ್ತು. ಕರಾರು ಇರಲಿಲ್ಲ. ಇಲ್ಲಿ ತುಂಬ ಜನ ಎಡವುತ್ತಾರೆ. ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದ ಮಾತ್ರಕ್ಕೆ ಅಪ್ರೆಂಟಿಸ್ ಆಗುವುದಿಲ್ಲ. ಕಂಪನಿ ಅಲ್ಲಿ ಕರಾರು ಹಾಕಬೇಕು, ಹುಡುಗ ಒಪ್ಪಬೇಕು, ಅಪ್ರೆಂಟಿಸ್‌ಶಿಪ್ ಸಲಹೆಗಾರರು ಅನ್ನುವ ಸರ್ಕಾರಿ ಅಧಿಕಾರಿ ಅದನ್ನು ನೋಂದಾಯಿಸಬೇಕು. ಕರಾರಿನಲ್ಲಿ ಟ್ರೇಡ್, ಶುರುವಾಗುವ ಮತ್ತು ಮುಗಿಯುವ ದಿನ, ಸ್ಟೈಪೆಂಡ್ ಎಲ್ಲ ಇರುತ್ತದೆ.

ಬ್ಯಾಂಕ್ ಪಾಸ್‌ಬುಕ್ಕೂ ಅದನ್ನೇ ಹೇಳಿತು. 2023ರ ಆಗಸ್ಟ್‌ನಿಂದ ಕೇಂದ್ರದ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ ಎನ್‌ಎಪಿಎಸ್‌ನಲ್ಲಿ ಸರ್ಕಾರದ ಪಾಲು, ಅಂದರೆ ಸ್ಟೈಪೆಂಡಿನ ಕಾಲು ಭಾಗ, ಗರಿಷ್ಠ 1,500 ರೂಪಾಯಿ, ಅಪ್ರೆಂಟಿಸ್‌ನ ಆಧಾರ್ ಜೋಡಿಸಿದ ಖಾತೆಗೆ ನೇರವಾಗಿ ಬೀಳುತ್ತದೆ. ಕಂಪನಿ ಆ ಯೋಜನೆಯಡಿ ಇವನನ್ನು ತೆಗೆದುಕೊಂಡಿದ್ದರೆ ತಿಂಗಳಿಗೆ ಎರಡು ಜಮೆ ಕಾಣಬೇಕಿತ್ತು. ಇವನ ಪಾಸ್‌ಬುಕ್‌ನಲ್ಲಿ ಒಂದೇ ಜಮೆ. ಅದೂ ಕಂಪನಿಯ ಹೆಸರಲ್ಲಿ, ಒಮ್ಮೊಮ್ಮೆ 20ನೇ ತಾರೀಕಿಗೆ. ನಿಯಮದ ಪ್ರಕಾರ ಸ್ಟೈಪೆಂಡ್ ಮುಂದಿನ ತಿಂಗಳ 10ರೊಳಗೆ ಕೊಡಬೇಕು.

ಕರಾರು ಇದ್ದಿದ್ದರೆ ಏನಾಗುತ್ತಿತ್ತು

1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಸೆಕ್ಷನ್ ಅಪ್ರೆಂಟಿಸ್ ತರಬೇತಿ ಪಡೆಯುವವನು, ಕಾರ್ಮಿಕನಲ್ಲ ಅನ್ನುತ್ತದೆ. ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. ಕಂಪನಿಗಳಿಗೆ ಈ ಒಂದು ಸೆಕ್ಷನ್ ಬಾಯಿಪಾಠ. ಆದರೆ ಅದೇ ಕಾಯ್ದೆ ಅದಕ್ಕೆ ಬದಲಾಗಿ ಬೇರೆ ರಕ್ಷಣೆ ಕೊಡುತ್ತದೆ. ಪೀಸ್ ಲೆಕ್ಕದಲ್ಲಿ ಸ್ಟೈಪೆಂಡ್ ಕೊಡುವಂತಿಲ್ಲ. ಸಲಹೆಗಾರರ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಆ ಒಪ್ಪಿಗೆಯೂ ತರಬೇತಿಗೆ ಉಪಯೋಗ ಇದ್ದರೆ ಅಥವಾ ಸಾರ್ವಜನಿಕ ಹಿತ ಇದ್ದರೆ ಮಾತ್ರ. ಆಗ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ ಆರೋಗ್ಯ ಮತ್ತು ಸುರಕ್ಷತೆಯ ಅಧ್ಯಾಯಗಳು ಅಪ್ರೆಂಟಿಸ್‌ಗೂ ಕಾರ್ಮಿಕನಿಗೆ ಇದ್ದಂತೆಯೇ ಅನ್ವಯಿಸುತ್ತಿದ್ದವು. ಟೇಪ್ ಸುತ್ತಿದ ಬಟನ್ ಆ ಲೆಕ್ಕದಲ್ಲಿ ನೇರ ಉಲ್ಲಂಘನೆ. ತರಬೇತಿ ವೇಳೆ ಗಾಯವಾದರೆ ಆಗಿನ ನೌಕರರ ಪರಿಹಾರ ಕಾಯ್ದೆಯಂತೆ ಕಂಪನಿ ಪರಿಹಾರ ಕೊಡಬೇಕಿತ್ತು. ತಕರಾರು ಬಂದರೆ ಸಲಹೆಗಾರರೇ ತೀರ್ಮಾನ ಹೇಳುತ್ತಾರೆ. ಅದು ಒಪ್ಪಿಗೆಯಾಗದಿದ್ದರೆ 30 ದಿನದಲ್ಲಿ ಮೇಲ್ಮನವಿ.

ಇವನ ಗಾಯಕ್ಕೆ ಆ ದಾರಿಯಲ್ಲಿ ಎಷ್ಟು ಬರುತ್ತಿತ್ತು ಅಂತ ಲೆಕ್ಕ ಹಾಕಿದೆವು. ತೋರುಬೆರಳಿನ ಒಂದು ಗೆಣ್ಣು ಹೋದರೆ ಕಾನೂನಿನ ಪಟ್ಟಿಯಲ್ಲಿ ದುಡಿಯುವ ಶಕ್ತಿಯ ನಷ್ಟ ಶೇ. 9. ಸೂತ್ರ ಹೀಗೆ: ಸ್ಟೈಪೆಂಡಿನ ಶೇ. 60ನ್ನು ವಯಸ್ಸಿನ ಅಂಕಿಯಿಂದ ಗುಣಿಸಬೇಕು, 20 ವರ್ಷಕ್ಕೆ ಆ ಅಂಕಿ 224. ಬಂದ ಮೊತ್ತದಲ್ಲಿ ಶೇ. 9 ತೆಗೆಯಬೇಕು. ಕನಿಷ್ಠ ಸ್ಟೈಪೆಂಡ್ 7,000 ಅಂತ ಇಟ್ಟುಕೊಂಡರೂ 4,200 ಗುಣಿಸು 224, ಅಂದರೆ 9,40,800. ಅದರ ಶೇ. 9 ಎಂದರೆ 84,672 ರೂಪಾಯಿ. ಕಂಪನಿ ಕೊಡಲು ಬಂದಿದ್ದು 20,000.

ಆದರೆ ಕರಾರೇ ಇಲ್ಲವಲ್ಲ. ಸಲಹೆಗಾರರ ಕಚೇರಿಗೆ ಅರ್ಜಿ ಕೊಟ್ಟರೆ ಕಂಪನಿ ‘ಇವನು ನಮ್ಮ ನೋಂದಾಯಿತ ಅಪ್ರೆಂಟಿಸ್ ಅಲ್ಲ’ ಅನ್ನಬಹುದು. ಲೇಬರ್ ಆಫೀಸಿಗೆ ಹೋದರೆ ‘ಇವನು ಕಾರ್ಮಿಕ ಅಲ್ಲ, ಅಪ್ರೆಂಟಿಸ್’ ಅನ್ನಬಹುದು. ಎರಡು ಕಚೇರಿಯಲ್ಲಿ ಎರಡು ಮಾತು. ಬಡ ಹುಡುಗರು ಸೋಲುವುದು ಇಲ್ಲೇ, ಮತ್ತು ಇದು ನನಗೆ ತುಂಬ ಸಿಟ್ಟು ತರಿಸುವ ವಿಷಯ.

ಕಂಪನಿ ಒಂದು ಮಾತಿಗೆ ನಿಲ್ಲುವಂತೆ ಮಾಡಿದ್ದು

ಅದಕ್ಕೇ ಮೊದಲು ಯಾವ ಕಚೇರಿಗೂ ಹೋಗಲಿಲ್ಲ. ಹುಡುಗನಿಂದ ಕಂಪನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪತ್ರ ಬರೆಸಿದೆ. ಅದರಲ್ಲಿ ಬೈಗುಳ ಇಲ್ಲ, ಬೇಡಿಕೆಯೂ ಇಲ್ಲ. ಎರಡೇ ಪ್ರಶ್ನೆ. ನನ್ನ ಅಪ್ರೆಂಟಿಸ್‌ಶಿಪ್ ಕರಾರಿನ ನಂಬರ್ ಯಾವುದು? ನನಗೆ ಇಎಸ್‌ಐ ಯಾಕೆ ಮಾಡಿಸಿಲ್ಲ?

ಉತ್ತರ ಬಂತು. ‘ನೀವು ಅಪ್ರೆಂಟಿಸ್ ಆಗಿದ್ದರಿಂದ ಇಎಸ್‌ಐ ಅನ್ವಯಿಸುವುದಿಲ್ಲ’ ಅಂತ ಎಚ್‌ಆರ್‌ನವರು ಸಹಿ ಹಾಕಿ ಬರೆದಿದ್ದರು. ಮೊದಲನೇ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ನಮಗೆ ಬೇಕಿದ್ದುದು ಅದೇ.

ಆಗ ಜಾರಿಯಲ್ಲಿದ್ದ ಇಎಸ್‌ಐ ಕಾಯ್ದೆಯ 2(9) ಸೆಕ್ಷನ್‌ನಲ್ಲಿ ‘ನೌಕರ’ ಅಂದರೆ ಯಾರು ಅಂತ ಹೇಳಿತ್ತು. ಅದರಲ್ಲಿ ಅಪ್ರೆಂಟಿಸ್ ಕೂಡ ಸೇರುತ್ತಿದ್ದ. ಹೊರಗಿಟ್ಟಿದ್ದು 1961ರ ಅಪ್ರೆಂಟಿಸ್ ಕಾಯ್ದೆಯಡಿ ತೆಗೆದುಕೊಂಡ ಅಪ್ರೆಂಟಿಸ್‌ಗಳನ್ನು ಮಾತ್ರ. ಅಂದರೆ ‘ಅಪ್ರೆಂಟಿಸ್’ ಅಂತ ಪತ್ರದಲ್ಲಿ ಬರೆದುಕೊಂಡರೆ ವಿನಾಯಿತಿ ಸಿಗುವುದಿಲ್ಲ, ಆ ಕಾಯ್ದೆಯಡಿ ತೆಗೆದುಕೊಂಡಿದ್ದೇವೆ ಅಂತ ತೋರಿಸಬೇಕು. ಪಿಎಫ್ ಕಾಯ್ದೆಯಲ್ಲೂ ಆಗ ಹೆಚ್ಚುಕಡಿಮೆ ಹೀಗೇ ಇತ್ತು. ಅಲ್ಲಿ ಕಂಪನಿಯ ಸ್ಥಾಯಿ ಆದೇಶಗಳ, ಅಂದರೆ ಕೆಲಸದ ಷರತ್ತುಗಳ ದೃಢೀಕೃತ ನಿಯಮಗಳ ಪ್ರಕಾರ ತೆಗೆದುಕೊಂಡ ಅಪ್ರೆಂಟಿಸ್‌ಗೂ ವಿನಾಯಿತಿ ಇತ್ತು. ಆದ್ದರಿಂದ ಪಿಎಫ್ ವಾದ ಸ್ವಲ್ಪ ಕಷ್ಟ, ಇಎಸ್‌ಐ ವಾದ ಗಟ್ಟಿ. ಇಎಸ್‌ಐ ಕಾಯ್ದೆಯ ಜಾಗದಲ್ಲಿ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ‘ನೌಕರ’ ಅನ್ನುವುದರಿಂದ ಹೊರಗಿಡುವುದು ಅಪ್ರೆಂಟಿಸ್ ಕಾಯ್ದೆಯಡಿ ಇರುವವರನ್ನೇ.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಟ್ಟರೆ ಓದುವವರಿಗೆ ಮೋಸ. 2004ರಲ್ಲಿ ಉತ್ತರ ಪ್ರದೇಶ ವಿದ್ಯುತ್ ಮಂಡಳಿ ಮತ್ತು ಶಿವ ಮೋಹನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿದೆ. ಕರಾರು ನೋಂದಣಿ ಆಗಿಲ್ಲ ಅನ್ನುವ ಒಂದೇ ಕಾರಣಕ್ಕೆ ಅಪ್ರೆಂಟಿಸ್ ಕಾರ್ಮಿಕನಾಗಿ ಬದಲಾಗುವುದಿಲ್ಲ. ಹಾಗಾಗಿ ‘ಪೋರ್ಟಲ್‌ನಲ್ಲಿ ಕರಾರಿಲ್ಲ, ಆದ್ದರಿಂದ ನಾನು ಪರ್ಮನೆಂಟ್’ ಅಂತ ಹೊರಟರೆ ಸೋಲುವ ಸಾಧ್ಯತೆಯೇ ಜಾಸ್ತಿ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಅಪ್ರೆಂಟಿಸ್ ಕಾಯ್ದೆಯೂ ಹೇಳುವುದಿಲ್ಲ. ನಾವು ಕೇಳಿದ್ದು ಕೆಲಸವನ್ನಲ್ಲ, ಗಾಯಕ್ಕೆ ಬರಬೇಕಾದ್ದನ್ನು. ಬರೀ ನೋಂದಣಿ ಇಲ್ಲ ಅನ್ನುವುದರ ಮೇಲೂ ನಿಲ್ಲಲಿಲ್ಲ. ಇಲ್ಲಿ ತರಬೇತಿಯೇ ಇರಲಿಲ್ಲ, ಇದ್ದದ್ದು ಉತ್ಪಾದನೆ ಮಾತ್ರ ಅಂತ ತೋರಿಸಬೇಕಿತ್ತು.

ಅದಕ್ಕೆ ಬೇಕಾದ ಸಾಕ್ಷಿ ಅವನ ಮೊಬೈಲ್‌ನಲ್ಲೇ ಇತ್ತು. ಸೂಪರ್‌ವೈಸರ್ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತಿದ್ದ ಶಿಫ್ಟ್ ಪಟ್ಟಿಯಲ್ಲಿ ಇವನ ಹೆಸರು, ಪ್ರೆಸ್ ನಂಬರ್, ಪೀಸ್ ಗುರಿ ಎಲ್ಲ ಇತ್ತು. ಗುತ್ತಿಗೆ ಕಾರ್ಮಿಕರ ಹೆಸರಿನ ನಡುವೆಯೇ ಇವನದ್ದೂ ಇತ್ತು. ಆ ಗುಂಪಿನಿಂದ ತೆಗೆದುಹಾಕುವ ಮುಂಚೆ ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದು, ಪೂರ್ತಿ ಚಾಟನ್ನು ಇಮೇಲ್‌ಗೆ ಕಳಿಸಿಟ್ಟುಕೊಳ್ಳಲು ಹೇಳಿದೆ. ಗೇಟ್ ಪಾಸ್, ಪಾಸ್‌ಬುಕ್, ನೇಮಕ ಪತ್ರ ಜೊತೆಗಿಟ್ಟೆವು. ಕಂಪನಿ ಕೊಡಲು ಬಂದಿದ್ದ ‘ಸರ್ಟಿಫಿಕೇಟ್’ನ ಫೋಟೋವನ್ನೂ ಅವನು ತೆಗೆದುಕೊಂಡಿದ್ದ. ರೈಲ್ವೆಗೆ ಬಾರದ ಆ ಕಾಗದ ಇಲ್ಲಿ ಕೆಲಸಕ್ಕೆ ಬಂತು, ಅವನು ಯಾವ ದಿನದಿಂದ ಯಾವ ದಿನದವರೆಗೆ ಅಲ್ಲಿದ್ದ ಅಂತ ಕಂಪನಿಯೇ ಬರೆದುಕೊಟ್ಟಂತಾಯಿತು.

ಎಲ್ಲಕ್ಕಿಂತ ಕಷ್ಟವಾಗಿದ್ದು ನರ್ಸಿಂಗ್ ಹೋಮ್‌ನ ಡಿಸ್ಚಾರ್ಜ್ ಚೀಟಿ. ಅದರಲ್ಲಿ ಗಾಯದ ಕಾರಣ ‘ಬಾಗಿಲಿಗೆ ಸಿಕ್ಕಿ’ ಅಂತ ಬರೆದಿತ್ತು. ಸೇರಿಸುವಾಗ ಜೊತೆಯಲ್ಲಿ ಹೋದವರು ಹಾಗೆ ಹೇಳಿದ್ದರು. ಇಂಥ ಕಡೆ ಹುಡುಗನೋ ಮನೆಯವರೋ ಆವತ್ತೇ ‘ಮಿಷನ್‌ನಲ್ಲಿ ಆಗಿದ್ದು’ ಅಂತ ಬರೆಸಬೇಕು, ಆಮೇಲೆ ತಿದ್ದಿಸುವುದು ಸುಲಭವಲ್ಲ. ಇಲ್ಲಿ ನಮ್ಮ ಕೈ ಹಿಡಿದಿದ್ದು ಅದೇ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ಸೂಪರ್‌ವೈಸರ್ ಹಾಕಿದ್ದ ಒಂದು ಸಾಲು. ಇಂಥ ನಂಬರಿನ ಪ್ರೆಸ್ ನಿಲ್ಲಿಸಿ, ಹುಡುಗನ ಕೈಗೆ ಪೆಟ್ಟಾಗಿದೆ ಅಂತ.

ಏನು ಸಿಕ್ಕಿತು

ಇಷ್ಟನ್ನೂ ಸೇರಿಸಿ ಇಎಸ್‌ಐ ಕಚೇರಿಗೆ ದೂರು ಕೊಟ್ಟೆವು. ಅಧಿಕಾರಿ ಕಾರ್ಖಾನೆಗೆ ಹೋಗಿ ದಾಖಲೆ ಕೇಳಿದರು. ಕರಾರು, ಸಿಲಬಸ್, ಲಾಗ್‌ಬುಕ್ ಮೂರೂ ಬರಲಿಲ್ಲ. ಕಂಪನಿ ಹಿಂದಿನ ತಿಂಗಳುಗಳ ವಂತಿಗೆ ಕಟ್ಟಿ, ಅಪಘಾತ ವರದಿ ಸಲ್ಲಿಸಬೇಕಾಯಿತು. ನೌಕರನ ಪಾಲು ಶೇ. 0.75, ಮಾಲೀಕರದ್ದು ಶೇ. 3.25. ಕೆಲಸದಲ್ಲಾದ ಗಾಯಕ್ಕೆ ಇಷ್ಟು ತಿಂಗಳು ವಂತಿಗೆ ಕಟ್ಟಿರಲೇಬೇಕು ಅನ್ನುವ ಷರತ್ತಿಲ್ಲ. ಮಾಲೀಕ ಕಟ್ಟದಿದ್ದರೆ ಇಎಸ್‌ಐ ನಿಗಮ ಅವನಿಂದ ವಸೂಲಿ ಮಾಡಿಕೊಳ್ಳುತ್ತದೆ.

ಲೆಕ್ಕ ಹೀಗಾಯಿತು. 9,750ನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 375. ಗಾಯದಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಅದರ ಶೇ. 90, ಸುಮಾರು 337 ರೂಪಾಯಿ. 38 ದಿನಕ್ಕೆ ಹೆಚ್ಚುಕಡಿಮೆ 12,800. ಆಮೇಲೆ ಮೆಡಿಕಲ್ ಬೋರ್ಡ್ ಮುಂದೆ ಹೋದ, ಅವರು ಶೇ. 9 ಅಂತ ಒಪ್ಪಿದರು. 337ರ ಶೇ. 9 ಅಂದರೆ ದಿನಕ್ಕೆ 30 ರೂಪಾಯಿ, ತಿಂಗಳಿಗೆ 900ರ ಆಸುಪಾಸು, ಅವನು ಬದುಕಿರುವವರೆಗೆ.

ಮೊದಲು ಕೇಳಿದಾಗ ಅವನ ಅಪ್ಪನಿಗೆ ಬೇಜಾರಾಯಿತು. ‘ಎಂಬತ್ನಾಲ್ಕು ಸಾವ್ರ ಬಿಟ್ಟು ಒಂಬೈನೂರು ತಗಳ್ಳದಾ?’ ಅಂದರು. ಇಎಸ್‌ಐ ಇದ್ದವರು ಅದೇ ಗಾಯಕ್ಕೆ ನೌಕರರ ಪರಿಹಾರ ಕಾಯ್ದೆಯಡಿ ಮತ್ತೆ ಕೇಳುವಂತಿರಲಿಲ್ಲ, ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್ ಅದನ್ನು ತಡೆಯುತ್ತಿತ್ತು. ಆದರೆ 20 ವರ್ಷದ ಹುಡುಗನಿಗೆ ತಿಂಗಳಿಗೆ 900 ಅಂದರೆ ಎಂಟು ವರ್ಷದೊಳಗೇ ಆ 84,672 ದಾಟುತ್ತದೆ. ಆಮೇಲೂ ಬರುತ್ತಲೇ ಇರುತ್ತದೆ. ಒಂದು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಅವರು ಒಪ್ಪಿದರು.

ಸಿಗದೇ ಹೋದದ್ದು ಎಂಟು ತಿಂಗಳು. ಹಿಂದಿನ ತಾರೀಕು ಹಾಕಿ ಕರಾರು ಮಾಡಿಸಿಕೊಡಿ ಅಂತ ಅವನು ಕೇಳಿದ. ಅದು ಆಗುವುದಿಲ್ಲ, ಆಗಲೂ ಬಾರದು. ಎನ್‌ಎಸಿ ಬೇಕಿದ್ದರೆ ಮೊದಲಿನಿಂದ ಶುರು ಮಾಡಬೇಕಿತ್ತು. 2024ರ ಆಗಸ್ಟ್‌ನಲ್ಲಿ ಬೇರೆ ಕಾರ್ಖಾನೆಗೆ ಸೇರಿದ. ಈ ಸಲ ಪೋರ್ಟಲ್‌ನಲ್ಲಿ ಕರಾರು ಬಂದು, ಟ್ರೇಡ್ ‘ಫಿಟ್ಟರ್’ ಅಂತ ಇದೆಯೇ, ಮುಗಿಯುವ ದಿನ ಸರಿಯಿದೆಯೇ ಅಂತ ನೋಡಿ ಒಪ್ಪಿಗೆ ಒತ್ತಿದ ಮೇಲೆಯೇ ಗೇಟಿನೊಳಗೆ ಹೋದ. ಸ್ಟೈಪೆಂಡ್ ಮೊದಲಿಗಿಂತ ಕಡಿಮೆ, ಆದರೆ ಎಂಟು ಗಂಟೆ ಕೆಲಸ. ಒಂದು ವರ್ಷ ಮುಗಿಸಿ ಟ್ರೇಡ್ ಟೆಸ್ಟ್ ಪಾಸಾದ. 2025ರ ಮೇನಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಸ್ಟೈಪೆಂಡನ್ನು ಶೇ. 36ರಷ್ಟು ಏರಿಸಿ 6,800ರಿಂದ 12,300 ರೂಪಾಯಿವರೆಗೆ ಮಾಡಲು ಶಿಫಾರಸು ಮಾಡಿದಾಗ ಅವನ ಅವಧಿ ಮುಗಿಯುತ್ತಾ ಬಂದಿತ್ತು.

ಈ ಪ್ರಕರಣದ ಪಕ್ಕದಲ್ಲೇ ಇನ್ನೊಂದು ಗುಂಪಿತ್ತು, ಅವರ ಬಗ್ಗೆಯೂ ಹೇಳಬೇಕು. ಅದೇ ಕಾರ್ಖಾನೆಯ ಆಫೀಸಿನಲ್ಲಿ ಡಿಗ್ರಿ ಕಾಲೇಜಿನ ಇಬ್ಬರು ಹುಡುಗಿಯರು ಇಂಟರ್ನ್ ಆಗಿದ್ದರು. ಅವರದ್ದು ಕಾಲೇಜಿನ ಪತ್ರದ ಮೇಲೆ ನಡೆಯುವ ಇಂಟರ್ನ್‌ಶಿಪ್. ಅಪ್ರೆಂಟಿಸ್ ಕರಾರು ಇಲ್ಲದ್ದರಿಂದ ಆ ಕಾಯ್ದೆಯ ಕನಿಷ್ಠ ಸ್ಟೈಪೆಂಡ್ ಅವರಿಗೆ ಇಲ್ಲ. ಹಣ, ಅವಧಿ, ಸರ್ಟಿಫಿಕೇಟ್ ಎಲ್ಲ ಆ ಪತ್ರದಲ್ಲಿ ಬರೆದಷ್ಟೇ. ಆದರೆ ಒಂದು ರಕ್ಷಣೆ ಅವರಿಗೂ ಪೂರ್ತಿ ಇದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಟ್ರೈನಿ, ಅಪ್ರೆಂಟಿಸ್, ಸಂಬಳವಿಲ್ಲದೆ ಕೆಲಸ ಮಾಡುವವರು ಎಲ್ಲರನ್ನೂ ಸೇರಿಸಿಕೊಂಡಿದೆ. ‘ನೀವು ನೌಕರರಲ್ಲ’ ಅಂತ ಆಂತರಿಕ ಸಮಿತಿ ಅವರ ದೂರನ್ನು ವಾಪಸ್ ಕಳಿಸುವಂತಿಲ್ಲ.

ಹುಡುಗನ ಜೊತೆ ಅದೇ ಪ್ರೆಸ್ ಶಾಪ್‌ನಲ್ಲಿ ಅದೇ ಥರದ ಪತ್ರ ಹಿಡಿದವರು ಇನ್ನೂ ಇದ್ದರು. ಇಎಸ್‌ಐ ಅಧಿಕಾರಿ ಬಂದುಹೋದ ಮೇಲೆ ಕಂಪನಿ ಅವರಲ್ಲಿ ಕೆಲವರಿಗೆ ಪೋರ್ಟಲ್‌ನಲ್ಲಿ ಕರಾರು ಮಾಡಿಸಿತು, ಉಳಿದವರನ್ನು ಗುತ್ತಿಗೆದಾರರ ಪಟ್ಟಿಗೆ ಸೇರಿಸಿ ಇಎಸ್‌ಐ ನಂಬರ್ ಕೊಡಿಸಿತು. ಪಿಎಫ್ ದೂರು ಇನ್ನೂ ವಿಚಾರಣೆಯಲ್ಲಿದೆ. ತಮ್ಮ ಸ್ಥಾಯಿ ಆದೇಶಗಳ ಪ್ರಕಾರ ತೆಗೆದುಕೊಂಡಿದ್ದೆವು ಅಂತ ಕಂಪನಿ ಈಗ ವಾದಿಸುತ್ತಿದೆ. ಆ ಆದೇಶಗಳ ದೃಢೀಕೃತ ಪ್ರತಿ ಹಾಜರುಪಡಿಸಿ ಅಂತ ನಾವು ಕೇಳಿದ್ದೇವೆ.